ಮನೆ ಎಸ್ಟಿಮೇಟ್ ಅನ್ನು ರೂಮ್ ಪ್ರಕಾರ ಬರೆಸಬೇಕಾ, ಕೆಲಸದ ಪ್ರಕಾರ ಬರೆಸಬೇಕಾ?

ಪ್ರಶ್ನೆ: 30x40 ಸೈಟಿನಲ್ಲಿ ಮನೆ ಕಟ್ಟಿಸ್ತಿದ್ದೀನಿ. ಕಂಟ್ರಾಕ್ಟರ್ ಕೊಟ್ಟ ಎಸ್ಟಿಮೇಟ್ ನನಗೇ ಚೆಕ್ ಮಾಡೋಕೆ ಆಗ್ಬೇಕು. ಹಾಲ್, ಬೆಡ್‌ರೂಮ್ ಅಂತ ರೂಮ್ ಪ್ರಕಾರ ಬರೆಸಿಕೊಂಡರೆ ಸುಲಭ ಅಲ್ವಾ? ಒಳ್ಳೆ ಎಕ್ಸೆಲ್ ಫಾರ್ಮ್ಯಾಟ್ ಇದ್ರೆ ಹೇಳಿ.

ಆರು ವರ್ಷದ ಹಿಂದೆ ನಾನೂ ಹೀಗೇ ಅಂದುಕೊಂಡಿದ್ದೆ. ಕೆಂಗೇರಿ ಕಡೆ ಸೈಟು, ಎರಡು ಮಹಡಿ. ಕಂಟ್ರಾಕ್ಟರ್ ಚದರಕ್ಕೆ ಇಷ್ಟು ಅಂತ ಒಂದೇ ಮಾತಿನ ರೇಟ್ ಹೇಳಿದ್ದರು. ನಾನೇ ಹಠ ಹಿಡಿದು, "ಬೇಡ, ಐಟಂ ಪ್ರಕಾರ ಕೊಡಿ, ಅದೂ ರೂಮ್ ರೂಮ್‌ಗೆ ಬೇರೆ ಮಾಡಿ" ಅಂದೆ. ಪಾಪ, ಕೇಳಿದ್ದನ್ನೇ ಕೊಟ್ಟರು.

ಹಾಲ್‌ನ ಪುಟದಲ್ಲಿ ನಾಲ್ಕು ಗೋಡೆ, ಬೆಡ್‌ರೂಮ್ ಪುಟದಲ್ಲಿ ನಾಲ್ಕು ಗೋಡೆ. ಓದೋಕೆ ಚೆನ್ನಾಗೇ ಇತ್ತು. ಹಾಲ್‌ಗೂ ಬೆಡ್‌ರೂಮ್‌ಗೂ ನಡುವೆ ಇರೋದು ಒಂದೇ ಗೋಡೆ ಅನ್ನೋದು ಮಾತ್ರ ನನಗೆ ಹೊಳೆಯಲಿಲ್ಲ. ಅದು ಎರಡೂ ಪುಟದಲ್ಲಿತ್ತು. ಪ್ಲಾಸ್ಟರ್‌ಗೆ ಅದು ಸರಿ, ಎರಡು ಮುಖಕ್ಕೂ ಗಾರೆ ಬಳಿಯಬೇಕು. ಆದರೆ ಬ್ಲಾಕ್ ಕಟ್ಟೋದು ಒಂದೇ ಸಲ! ನನ್ನ ಎಸ್ಟಿಮೇಟ್‌ನಲ್ಲಿ ಒಳಗಿನ ಪ್ರತಿ ಗೋಡೆಯನ್ನೂ ಎರಡು ಸಲ ಕಟ್ಟಿಸಿದ್ದೆ.

ಲೆಕ್ಕ ನೋಡಿ. ಒಂದು ಮಹಡಿಗೆ ಹೊರಗೋಡೆ, ಬಾಗಿಲು ಕಿಟಕಿ ಕಳೆದು, 960 ಚದರಡಿ. ಒಳಗೋಡೆ 520. ಕಟ್ಟಬೇಕಾದ್ದು 1,480. ಬಿಲ್‌ನಲ್ಲಿದ್ದದ್ದು 2,000. ಸಾಲದ್ದಕ್ಕೆ ಹೊರಗಿನ 6 ಇಂಚು, ಒಳಗಿನ 4 ಇಂಚು ಬ್ಲಾಕ್ ಎಲ್ಲವನ್ನೂ "ಬ್ಲಾಕ್ ಗೋಡೆ" ಅಂತ ಒಂದೇ ಹೆಸರಿನಲ್ಲಿ, 90 ರೂಪಾಯಿ ರೇಟ್‌ನಲ್ಲಿ ಬರೆದಿದ್ದರು. ಹೆಚ್ಚುವರಿ 520 ಚದರಡಿಗೆ 46,800 ರೂಪಾಯಿ. ಮೇಲಿನ ಮಹಡಿಯ ಪ್ಲಾನೂ ಅದೇ, ಒಟ್ಟು 93,600. ಪೂರ್ತಿ ಕೊಟ್ಟೂ ಆಗಿತ್ತು.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಪೇಂಟರ್ ಅಳತೆ ತೆಗೆದು, "ಸಾರ್, ಒಳಗೆ ಗೋಡೆ ಮಹಡಿಗೆ ಎರಡು ಸಾವಿರ ಚದರಡಿ ಬರುತ್ತೆ" ಅಂದರು. ಬ್ಲಾಕ್ ಬಿಲ್‌ನಲ್ಲೂ ಎರಡು ಸಾವಿರವೇ ಇತ್ತಲ್ಲ ಅಂತ ನೆನಪಾಯಿತು. ಎರಡೂ ಸಮ ಆಗೋಕೆ ಸಾಧ್ಯವೇ ಇಲ್ಲ. ಒಳಗಿನ ಪ್ಲಾಸ್ಟರ್ ಅಂದರೆ ಹೊರಗೋಡೆಯ ಒಳಮುಖ 960, ಜೊತೆಗೆ ಒಳಗೋಡೆಯ ಎರಡು ಮುಖ ಸೇರಿ 1,040. ಒಳಗೋಡೆ ಇರುವ ಮನೆಯಲ್ಲಿ ಒಳ ಪ್ಲಾಸ್ಟರ್ ಬ್ಲಾಕ್‌ಗಿಂತ ಜಾಸ್ತಿಯೇ ಇರಬೇಕು, ಅಲ್ವಾ?

ಹಾಗಾಗಿ ನನ್ನ ಉತ್ತರ: ರೂಮ್ ಪ್ರಕಾರ ಬೇಡ. ಫಾರ್ಮ್ಯಾಟ್ ಹುಡುಕೋದೂ ಬೇಡ, ಖಾಲಿ ಶೀಟ್ ಸಾಕು. ಮಹಡಿ ಬೇರೆ ಮಾಡಿ, ಅದರೊಳಗೆ ಕೆಲಸದ ಪ್ರಕಾರ ಬರೆಸಿ. ಪ್ಲಾನ್ ಮೇಲೆ ಪ್ರತಿ ಗೋಡೆಗೂ ಗೋ1, ಗೋ2 ಅಂತ ನಂಬರ್ ಹಾಕಿ. ಒಂದು ನಂಬರ್ ಬ್ಲಾಕ್ ಪಟ್ಟಿಯಲ್ಲಿ ಒಂದೇ ಸಲ ಬರಬೇಕು. ಪ್ರತಿ ಸಾಲಿನಲ್ಲೂ ಸಂಖ್ಯೆ, ಉದ್ದ, ಎತ್ತರ, ಒಟ್ಟು ಇರಲಿ. ಬಾಗಿಲು ಕಿಟಕಿಯನ್ನು ಬಾಯಲ್ಲಿ ಕಳೆಯಬೇಡಿ, ಮೈನಸ್ ಹಾಕಿ ಬೇರೆ ಸಾಲಲ್ಲೇ ಬರೆಸಿ. 6 ಇಂಚು, 4 ಇಂಚು ಎರಡು ಬೇರೆ ಐಟಂ. 4 ಇಂಚಿನದನ್ನು ಘನ ಅಡಿಯಲ್ಲಿ ಬರೆದರೆ ಒಪ್ಪಬೇಡಿ. ತೆಳು ಗೋಡೆಯನ್ನು ಚದರಡಿ ಲೆಕ್ಕದಲ್ಲೇ ಅಳೆಯೋದು ವಾಡಿಕೆ, ಪ್ಲಾಸ್ಟರ್ ಜೊತೆ ಹೋಲಿಸೋಕೂ ಅದೇ ಬೇಕು.

ಬ್ಲಾಕ್‌ನ ಕೆಳಗೇ ಒಳ ಪ್ಲಾಸ್ಟರ್, ಹೊರ ಪ್ಲಾಸ್ಟರ್, ಸೀಲಿಂಗ್ ಪ್ಲಾಸ್ಟರ್, ಪೇಂಟ್ ಬರಲಿ, ಎಲ್ಲವೂ ಚದರಡಿಯಲ್ಲಿ. ಹೊರ ಪ್ಲಾಸ್ಟರ್ ಹೆಚ್ಚುಕಮ್ಮಿ ಹೊರಗೋಡೆಯಷ್ಟೇ ಬರಬೇಕು. ಒಳ ಪೇಂಟ್ ಅಂದರೆ ಒಳ ಪ್ಲಾಸ್ಟರ್‌ಗೆ ಸೀಲಿಂಗ್ ಸೇರಿಸಿ, ಬಚ್ಚಲು, ಅಡುಗೆಮನೆಯ ಟೈಲ್ಸ್ ಹತ್ತುವ ಭಾಗ ಕಳೆದದ್ದು. ಮೂಲೆ, ಬೀಮ್, ಕಿಟಕಿಯ ಪಕ್ಕ ಅಂತ ಸ್ವಲ್ಪ ವ್ಯತ್ಯಾಸ ಬರುತ್ತೆ, ಅದಕ್ಕೆ ಜಗಳ ಬೇಡ. ಮೂರರಲ್ಲೊಂದು ಪಾಲು ಏರುಪೇರಾದರೆ ಮಾತ್ರ ಟೇಪ್ ಹಿಡಿದು ಹೋಗಿ.

ಸ್ಲ್ಯಾಬ್‌ಗೂ ಹೀಗೇ. ಕಾಂಕ್ರೀಟ್ ಘನ ಮೀಟರ್, ಸೆಂಟ್ರಿಂಗ್ ಚದರಡಿ, ಕಂಬಿ ಕೆಜಿ, ಮೂರೂ ಬೇರೆ ಸಾಲು, ಅಕ್ಕಪಕ್ಕ. ನಮ್ಮದು 768 ಚದರಡಿ, 5 ಇಂಚು ದಪ್ಪ, ಸುಮಾರು 9 ಘನ ಮೀಟರ್. ಬರೀ ಸ್ಲ್ಯಾಬ್‌ಗೆ ಘನ ಮೀಟರಿಗೆ 80 ಕೆಜಿ ಆಸುಪಾಸು ಕಂಬಿ ಅಂತ ಹಿಡಿದರೆ 720 ಕೆಜಿ. ಸಾವಿರ ದಾಟಿದರೆ ಕಂಬಿ ಡ್ರಾಯಿಂಗ್ ಕೇಳಿ, ಬೀಮ್‌ನ ಕಂಬಿಯನ್ನೂ ಅದರಲ್ಲೇ ಸೇರಿಸಿರಬಹುದು.

ಇನ್ನೊಂದು. ನಮ್ಮ ಊರಲ್ಲಿ "ಚದರ" ಅಂದರೆ 100 ಚದರಡಿ. ಚದರಡಿ ಜೊತೆ ಗೊಂದಲ ಆಗುತ್ತೆ, ಕಾಗದದ ಮೇಲೆ ಆ ಪದವೇ ಬರದ ಹಾಗೆ ನೋಡಿಕೊಳ್ಳಿ.

ನನ್ನ ದುಡ್ಡಾ? ಕಾಂಪೌಂಡ್ ಗೋಡೆ ಬಿಲ್‌ನಲ್ಲಿ 40,000 ವಜಾ ಮಾಡಿಕೊಂಡರು. ಉಳಿದದ್ದಕ್ಕೆ, "ರೂಮ್ ಪ್ರಕಾರ ಬೇಕು ಅಂದೋರು ನೀವೇ ತಾನೇ ಸಾರ್" ಅಂದರು.