ಮನೆ ರಿಪೇರಿ ಆ್ಯಪಿಗೆ ವ್ಯಾಲ್ಯೂ ಪ್ರೊಪೊಸಿಷನ್ ಬರೆಯುವುದು ಹೇಗೆ?

"ಕಾಸರಗೋಡಲ್ಲಿ ಪ್ಲಂಬರ್, ಇಲೆಕ್ಟ್ರಿಷಿಯನ್ ಕಳಿಸುವ ಆ್ಯಪ್ ಮಾಡಿದ್ದೇವೆ. 'ನಿಮ್ಮ ಮನೆಗೆ ಉತ್ತಮ ಸೇವೆ' ಅಂತ ಹಾಕಿದ್ದೇವೆ, ಯಾರೂ ಬುಕ್ ಮಾಡ್ತಿಲ್ಲ. ಏನು ಬರೀಬೇಕು?"

ವ್ಯಾಲ್ಯೂ ಪ್ರೊಪೊಸಿಷನ್ ಅಂದ್ರೆ ಗಿರಾಕಿ ನಿಮ್ಮನ್ನೇ ಯಾಕೆ ಕರೀಬೇಕು ಅಂತ ಹೇಳುವ ಸಾಲು. 'ಉತ್ತಮ ಸೇವೆ' ಅಂತ ಎಲ್ರೂ ಹೇಳ್ತಾರೆ, ಅದ್ರಲ್ಲಿ ಗಿರಾಕಿಯ ಕಷ್ಟವೇ ಇಲ್ಲ. ನಮ್ಮ ಕಡೆ ನಿಜವಾದ ಕಷ್ಟ ರಿಪೇರಿ ಅಲ್ಲ, ಕಾಯುವುದು. ಬಾವಿಯ ಪಂಪ್ ಹಾಳಾಗಿ ಟ್ಯಾಂಕಿ ಖಾಲಿ, ಮಗ ಗಲ್ಫಲ್ಲಿ, ಮನೇಲಿ ಅಮ್ಮ ಒಬ್ರೇ, ಫೋನ್ ಮಾಡಿದ್ರೆ "ಈಗ ಬರ್ತೇನೆ" ಅಂತ ಹೇಳಿದವ ಎರಡು ದಿನ ಆದ್ರೂ ಬರ್ಲಿಕ್ಕಿಲ್ಲ. ಇದನ್ನೇ ಬರೀರಿ.

ಇನ್ನು ಎಷ್ಟು ಗಂಟೆಯೊಳಗೆ ಬರ್ತೇವೆ ಅನ್ನುವ ನಂಬರ್. ಅದನ್ನು ಅಂದಾಜಿಗೆ ಹಾಕ್ಬೇಡಿ, ನಿಮ್ಮ ಹಳೇ ಬುಕಿಂಗ್ ತೆಗೆದು ಬುಕ್ ಆದ ಹೊತ್ತಿಂದ ಜನ ಗೇಟಿಗೆ ತಲುಪಿದ ಹೊತ್ತಿನ ತನಕ ಎಷ್ಟಾಯ್ತು ಅಂತ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೀರಿ. 40 ಬುಕಿಂಗ್ ಉಂಟು ಅಂತಿಟ್ಕೊಳ್ಳಿ, ಸರಾಸರಿ 2 ಗಂಟೆ, ಆದ್ರೆ 36ನೇದು 4 ಗಂಟೆ. ಅಂದ್ರೆ ಹತ್ತರಲ್ಲಿ ಒಂಬತ್ತು ಮನೆಗೆ ನೀವು 4 ಗಂಟೆಯೊಳಗೆ ತಲುಪಿದ್ದೀರಿ, ಆಗ ಮಾತು ಕೊಡ್ಬೇಕಾದ್ದು 4 ಗಂಟೆ. ಸರಾಸರಿಯನ್ನೇ ಹಾಕಿದ್ರೆ ಎಷ್ಟೋ ಮನೆಯವ್ರಿಗೆ ನೀವು ಸುಳ್ಳು ಹೇಳಿದ ಹಾಗೆ ಆಗ್ತದೆ, ಅವ್ರು ತಿರುಗಿ ಬರುದಿಲ್ಲ.

ಹಾಗಾದ್ರೆ ಸಾಲು ಹೀಗೆ: "ಪಂಪ್ ಹಾಳಾಗಿ ನೀರಿಲ್ವಾ? ಕುಂಬಳೆ, ಬದಿಯಡ್ಕದಲ್ಲಿ ಬುಕ್ ಮಾಡಿ 4 ಗಂಟೆಯೊಳಗೆ ನಮ್ಮ ಜನ ಬರ್ತಾರೆ, ತಡ ಆದ್ರೆ ವಿಸಿಟಿಂಗ್ ಚಾರ್ಜ್ ಇಲ್ಲ."

'4 ಗಂಟೆಯಲ್ಲಿ ರಿಪೇರಿ' ಅಂತ ಮಾತ್ರ ಬರೀಬೇಡಿ ಮಾರಾಯ್ರೇ, ಮೋಟರ್ ವೈಂಡಿಂಗ್ ಸುಟ್ಟಿದ್ರೆ ಅದು ಅಂಗಡಿಗೇ ಹೋಗ್ಬೇಕು, ಆ ಹೊತ್ತು ನಿಮ್ಮ ಕೈಯಲ್ಲಿಲ್ಲ. ಮಳೆಗಾಲದಲ್ಲಿ ಲೆಕ್ಕ ಬೇರೆಯೇ ಬರ್ತದೆ, ಜೂನಲ್ಲಿ ಇನ್ನೊಮ್ಮೆ ತೆಗೆದು ನೋಡಿ.