ಮೇಕಿಂಗ್ ಪ್ಲಾನ್, ಮತ್ತು ಕ್ಯಾಮೆರಾಮನ್ ಎದೆಗೆ ನಾನು ಸಿಕ್ಕಿಸಿದ ಮೈಕು

"ಮೊದಲ ಸಲ ಒಂದು ಕನ್ನಡ ಸಿನಿಮಾಗೆ ಮೇಕಿಂಗ್ ಶೂಟ್ ಮಾಡುವ ಕೆಲಸ ಸಿಕ್ಕಿದೆ. 28 ದಿನದ ಶೆಡ್ಯೂಲ್, ಸಿಂಕ್ ಸೌಂಡ್, ಅಂದರೆ ಮಾತೆಲ್ಲ ಸೆಟ್ಟಿನಲ್ಲೇ ರೆಕಾರ್ಡ್ ಆಗುತ್ತದೆ. ಟೇಕ್ ನಡೆಯುವಾಗ ಯಾರಿಗೂ ತೊಂದರೆಯಾಗದ ಹಾಗೆ ಎಲ್ಲಾ ಒಳ್ಳೆಯ ಕ್ಷಣಗಳನ್ನೂ ಹಿಡಿಯಬೇಕು. ಪ್ಲಾನ್ ಹೇಗೆ ಬರೆಯುವುದು? ಎರಡು ಕ್ಯಾಮೆರಾ ಸಾಕಾ?"

ಹೀಗೆ ಕೇಳಿದ್ದೀರಿ. ಸಿನಿಮಾ ತಯಾರಾಗುವುದನ್ನು ತೋರಿಸುವ ಮೇಕಿಂಗ್ ವಿಡಿಯೋಗೆ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು 11 ಪುಟದ ಪ್ಲಾನ್ ಬರೆದಿದ್ದೆ. ಆಗ ನನಗೆ 24 ವರ್ಷ. ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಶೂಟಿಂಗ್. ಕಪ್ಪು ಬಟ್ಟೆ ಹಾಕಬೇಕು, ಸದ್ದಾಗದ ಶೂ ಹಾಕಬೇಕು, ಕ್ಯಾಮೆರಾದ ಬೀಪ್ ಆಫ್ ಇರಬೇಕು, ರೆಕಾರ್ಡಿಂಗಿನ ಕೆಂಪು ಲೈಟಿಗೆ ಕಪ್ಪು ಟೇಪ್ ಅಂಟಿಸಬೇಕು, ನಟರು ನೋಡುವ ದಿಕ್ಕಿನಲ್ಲಿ ನಿಲ್ಲಲೇಬಾರದು. ಎಲ್ಲವನ್ನೂ ಬರೆದಿದ್ದೆ. ನಿರ್ದೇಶಕರು ಎರಡು ಪುಟ ತಿರುವಿ "ಚೆನ್ನಾಗಿದೆ ಕಣಯ್ಯಾ" ಅಂದರು. ಅವರೊಬ್ಬರಿಗೇ ತೋರಿಸಿದ್ದೆ. ಅದು ತಪ್ಪಿನ ಅರ್ಧ ಭಾಗ. ಇನ್ನರ್ಧ ಹೇಳ್ತೀನಿ.

ಹನ್ನೆರಡನೇ ದಿನ ಸಂಜೆ. ವಯಸ್ಸಾದ ತಾಯಿ ಮನೆಯ ಅಂಗಳದಿಂದ ಗೇಟಿನವರೆಗೆ ಒಬ್ಬಳೇ ನಡೆದು ಬರುತ್ತಾಳೆ, ನಡೆಯುತ್ತಲೇ ಈಗಿಲ್ಲದ ಮಗನ ಜೊತೆ ಮಾತಾಡುತ್ತಾಳೆ. ಒಂದೇ ಶಾಟ್. ಸೂರ್ಯ ಗುಡ್ಡದ ಹಿಂದೆ ಇಳಿದ ಮೇಲೆ ಸಿಗುವ ಬೆಳಕಿನಲ್ಲೇ ಬೇಕು. ಅಂದರೆ ಸುಮಾರು 20 ನಿಮಿಷ. ಕ್ಯಾಮೆರಾಮನ್, ಕ್ಯಾಮೆರಾ ಅಲುಗದ ಹಾಗೆ ಕಾಯುವ ಗಿಂಬಲ್ ಹಿಡಿದು ಅಮ್ಮನ ಮುಂದೆ ಹಿಮ್ಮುಖವಾಗಿ ನಡೆಯಬೇಕು. ದೂರದಿಂದಲೇ ವ್ಹೀಲ್ ತಿರುಗಿಸಿ ಲೆನ್ಸಿನ ಮೋಟರ್ ಮೂಲಕ ಫೋಕಸ್ ಹಿಡಿಯುವ ಫೋಕಸ್ ಪುಲ್ಲರ್, ಫ್ರೇಮಿಗೆ ಬರದ ಹಾಗೆ ಅಂಗಳದ ಕಟ್ಟೆಯ ಮರೆಯಲ್ಲಿ ಮಾನಿಟರ್ ಇಟ್ಟುಕೊಂಡು ಕೂತಿದ್ದರು. ಶಾಟ್ ಮುಗಿಯುವ ಹೊತ್ತಿಗೆ ಅವರಿಗೂ ಕ್ಯಾಮೆರಾಗೂ 50 ಅಡಿ ದೂರ.

ನನಗೆ ಕ್ಯಾಮೆರಾಮನ್ ಉಸಿರಿನ ಸದ್ದು ಬೇಕಿತ್ತು. ಅಷ್ಟು ಭಾರ ಹೊತ್ತು ಹಿಂದೆ ಹಿಂದೆ ನಡೆಯುವಾಗ ಅವರು ಏನು ಗೊಣಗಿಕೊಳ್ಳುತ್ತಾರೆ ಅನ್ನುವುದು ಮೇಕಿಂಗಿಗೆ ಚಿನ್ನ ಅಲ್ವಾ? ನನ್ನ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ವೈರ್‌ಲೆಸ್ ಮೈಕ್ ಇದ್ದವು. ಒಂದನ್ನು ನಿರ್ದೇಶಕರ ಕಾಲರಿಗೆ ಹಾಕಿದೆ. ಇನ್ನೊಂದನ್ನು ಕ್ಯಾಮೆರಾಮನ್ ಎದೆಯ ಪಟ್ಟಿಗೆ ಸಿಕ್ಕಿಸಿದೆ. "ಹಾಕು ಮಾರಾಯ, ಬೇಗ" ಅಂದರು ಅವರು.

ಮೊದಲ ಟೇಕಿನಲ್ಲಿ ಅಮ್ಮ ಅರ್ಧ ದಾರಿ ಬರುವಷ್ಟರಲ್ಲಿ ಮುಖ ಮಸುಕಾಯಿತು. ಕಟ್. "ನಾನು ವ್ಹೀಲ್ ತಿರುಗಿಸ್ತಾನೇ ಇದೀನಿ ಸಾರ್, ಮೋಟರ್ ಬರ್ತಾ ಇಲ್ಲ" ಅಂದರು ಫೋಕಸ್ ಪುಲ್ಲರ್. ಬ್ಯಾಟರಿ ಬದಲಾಯಿಸಿದರು, ಮೋಟರನ್ನು ಮತ್ತೆ ಲೆನ್ಸಿಗೆ ಹೊಂದಿಸಿದರು. ಏಳು ನಿಮಿಷ ಹೋಯಿತು. ಎರಡನೇ ಟೇಕಿನಲ್ಲೂ ಅದೇ ಕಥೆ. ಶುರುವಿನಲ್ಲಿ ಸರಿ, ದೂರ ಹೋಗುತ್ತಾ ಫೋಕಸ್ ಒಂದು ಸೆಕೆಂಡ್ ನಿಂತು, ಆಮೇಲೆ ಜಿಗಿದು ಬೇರೆಲ್ಲೋ ಕೂತಿತು. ಮೂರನೆಯದಕ್ಕೆ ಬೆಳಕೇ ಇರಲಿಲ್ಲ. ಪ್ಯಾಕಪ್. ಆ ಹಿರಿಯ ನಟಿ ಎರಡು ಟೇಕಿನಲ್ಲೂ ನಿಜವಾಗಿ ಅತ್ತಿದ್ದರು. ಕುರ್ಚಿಯಲ್ಲಿ ಕೂತು ಒಂದು ಕಾಫಿ ಕೇಳಿದರು. ಬೇರೇನೂ ಹೇಳಲಿಲ್ಲ.

ಇದು ನನ್ನಿಂದಾಗಿದ್ದು ಅಂತ ನನಗೆ ಗೊತ್ತಿರಲಿಲ್ಲ. ನಾನು ಸದ್ದು ಮಾಡಿರಲಿಲ್ಲ, ಅಡ್ಡ ಬಂದಿರಲಿಲ್ಲ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರಾತ್ರಿ ಲಾಡ್ಜಿನಲ್ಲಿ ಫೋಕಸ್ ಪುಲ್ಲರ್ ಅಣ್ಣ ಉಪಕರಣವೇ ಕೆಟ್ಟಿದೆ ಅಂದುಕೊಂಡು ಪರೀಕ್ಷೆ ಮಾಡುತ್ತಿದ್ದರು. ಕ್ಯಾಮೆರಾ ಕಾರಿಡಾರಿನ ಒಂದು ತುದಿಗೆ, ಅವರು ಇನ್ನೊಂದು ತುದಿಗೆ. ಎಲ್ಲಾ ಸರಿಯಾಗಿ ಓಡುತ್ತಿತ್ತು. ಆಮೇಲೆ ಸುಮ್ನೆ ನನ್ನ ಕಡೆ ನೋಡಿ, "ನಿನ್ನ ಮೈಕ್ ತಗೊಂಡು ಬಾ" ಅಂದರು. ಮೈಕನ್ನು ಕ್ಯಾಮೆರಾ ಪಕ್ಕ ಇಟ್ಟು ಆನ್ ಮಾಡಿದೆ. ಮೋಟರ್ ತಡವರಿಸತೊಡಗಿತು. ಆಫ್ ಮಾಡಿದೆ, ಸರಿಹೋಯಿತು. ಮತ್ತೆ ಆನ್. ಹೀಗೆ ಐದು ಸಲ ಮಾಡಿಸಿದರು. ನನಗೆ ಬೈಯುವುದಕ್ಕಿಂತ ಅದು ಜಾಸ್ತಿ ಆಯಿತು.

ಆಗಿದ್ದು ಇಷ್ಟು. ನಾವೆಲ್ಲ ಕೊಳ್ಳುವ ಕಡಿಮೆ ಬೆಲೆಯ ವೈರ್‌ಲೆಸ್ ಮೈಕುಗಳು ಹೆಚ್ಚಾಗಿ 2.4 ಗಿಗಾಹರ್ಟ್ಜ್‌ನಲ್ಲಿ ಓಡುತ್ತವೆ. ವೈಫೈ, ಬ್ಲೂಟೂತ್ ಓಡುವುದೂ ಅಲ್ಲೇ. ಬಹಳಷ್ಟು ವೈರ್‌ಲೆಸ್ ಫಾಲೋ ಫೋಕಸ್‌ಗಳೂ ಅಲ್ಲೇ. ಫೋಕಸ್ ಪುಲ್ಲರ್ ಕೈಯ ವ್ಹೀಲ್ ಕಳಿಸುವ ಸಿಗ್ನಲ್ಲು 50 ಅಡಿ ದಾಟಿ, ಬಡವಾಗಿ ಕ್ಯಾಮೆರಾ ಮೇಲಿನ ಮೋಟರನ್ನು ಮುಟ್ಟಬೇಕು. ಆ ಮೋಟರಿನಿಂದ ಒಂದು ಗೇಣು ದೂರದಲ್ಲಿ, ಕ್ಯಾಮೆರಾಮನ್ ಎದೆಯ ಮೇಲೆ, ನನ್ನ ಮೈಕು ಕಿರುಚುತ್ತಿತ್ತು. ಜಾತ್ರೆಯಲ್ಲಿ ತಮಟೆಯವನು ನಿಮ್ಮ ಕಿವಿ ಪಕ್ಕ ನಿಂತು ಬಾರಿಸುತ್ತಿರುವಾಗ ತೇರಿನ ಆ ಕಡೆಯಿಂದ ಯಾರೋ ಕರೆದರೆ ಹೇಗೋ ಹಾಗೆ. ಬೆಳಗ್ಗೆ ಮನೆಯೊಳಗಿನ ಸೀನಿನಲ್ಲೂ ಇದೇ ಮೈಕ್ ಹಾಕಿದ್ದೆ. ಏನೂ ಆಗಿರಲಿಲ್ಲ, ಯಾಕೆಂದರೆ ಅಲ್ಲಿ ಫೋಕಸ್ ಪುಲ್ಲರ್ ಕ್ಯಾಮೆರಾದಿಂದ ಐದಾರು ಅಡಿಯಲ್ಲೇ ಇದ್ದರು. ಹತ್ತಿರದಲ್ಲಿ ನಡೆದುಹೋಗುತ್ತದೆ, ದೂರದಲ್ಲಿ ಕೈಕೊಡುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಸೆಟ್ಟಿನಲ್ಲಿ ಫೋಕಸ್ ದೂರದಲ್ಲಿ ಮಾತ್ರ ಕೈಕೊಡುತ್ತಿದ್ದರೆ, ಬ್ಯಾಟರಿ ಬದಲಾಯಿಸುವ ಮುಂಚೆ ಹೊಸದಾಗಿ ಆನ್ ಆದ ವೈರ್‌ಲೆಸ್ ಸಾಮಾನು ಯಾವುದು ಅಂತ ಕೇಳಬೇಕು.

ಆ ಶಾಟಿಗಾಗಿ ಇನ್ನೊಂದು ಸಂಜೆ ಇಡೀ ಯೂನಿಟ್ ಅಲ್ಲಿಗೆ ಹೋಯಿತು. ಉಳಿದ ಶೆಡ್ಯೂಲ್ ಪೂರ್ತಿ ನಾನು ಮೇನ್ ಕ್ಯಾಮೆರಾದಿಂದ 30 ಅಡಿ ದೂರ ನಿಲ್ಲಬೇಕು ಅಂತ ಆರ್ಡರ್ ಆಯಿತು. ನನ್ನ ಪ್ಲಾನಿನಲ್ಲಿ ನಾನು ಎಲ್ಲಿ ನಿಲ್ಲುತ್ತೇನೆ ಅಂತಿತ್ತು. ನನ್ನ ಸಾಮಾನು ಗಾಳಿಗೆ ಏನು ಬಿಡುತ್ತದೆ ಅಂತ ಒಂದು ಸಾಲೂ ಇರಲಿಲ್ಲ. ನಿರ್ದೇಶಕರಿಗೆ ಅದು ಹೊಳೆಯುವ ವಿಷಯವೂ ಅಲ್ಲ. ಅದನ್ನೇ ಫೋಕಸ್ ಪುಲ್ಲರ್ ಅಥವಾ ಸೌಂಡ್ ರೆಕಾರ್ಡಿಸ್ಟ್ ಓದಿದ್ದರೆ ಅರ್ಧ ನಿಮಿಷದಲ್ಲಿ ಹಿಡಿಯುತ್ತಿದ್ದರು.

ಹಾಗಾಗಿ ನಿಮ್ಮ ಪ್ಲಾನಿನ ಮೊದಲ ಪುಟ ಸಾಮಾನಿನ ಪಟ್ಟಿ ಆಗಲಿ. ಯಾವ ಸಾಮಾನು, ವೈರ್‌ಲೆಸ್ ಹೌದೋ ಅಲ್ಲವೋ, ಹೌದಾದರೆ ಯಾವ ಫ್ರೀಕ್ವೆನ್ಸಿ. ಶೂಟಿಂಗಿಗೆ ಮೊದಲು ಕೋ-ಡೈರೆಕ್ಟರ್, ಸೌಂಡ್ ರೆಕಾರ್ಡಿಸ್ಟ್, ಫೋಕಸ್ ಪುಲ್ಲರ್ ಮೂವರಿಗೂ ಕೊಡಿ, ಕ್ಯಾಮೆರಾ ಟೆಸ್ಟ್ ದಿನ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ ದೂರದಿಂದ ನೋಡಿ. ನಾನಂತೂ ಆಮೇಲೆ ಸೆಟ್ಟಿನಲ್ಲಿ ವೈರ್‌ಲೆಸ್ ಮೈಕ್ ಬಳಸಿಲ್ಲ. ಜೇಬಿನಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್, ಅದಕ್ಕೆ ವೈರಿನ ಕಾಲರ್ ಮೈಕ್. ಅದು ಗಾಳಿಗೆ ಏನೂ ಬಿಡುವುದಿಲ್ಲ, ತನ್ನೊಳಗೇ ಬರೆದುಕೊಳ್ಳುತ್ತದೆ. ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆದರೆ ಎಡಿಟಿಂಗಿನಲ್ಲಿ ಸದ್ದು, ಚಿತ್ರ ಎರಡನ್ನೂ ಕೂಡಿಸಬಹುದು. ತೊಂದರೆ ಏನೆಂದರೆ, ಏನು ರೆಕಾರ್ಡ್ ಆಗುತ್ತಿದೆ ಅಂತ ಅಲ್ಲೇ ಕೇಳಿಸುವುದಿಲ್ಲ. ಬಟ್ಟೆ ಉಜ್ಜಿದ ಸದ್ದು ಬಂದಿದ್ದರೆ ರಾತ್ರಿಯೇ ಗೊತ್ತಾಗುವುದು. ಪರವಾಗಿಲ್ಲ. ಊಟದ ಬ್ರೇಕಿಗೆ ಮಾತ್ರ ನೆನಪಿಟ್ಟು ಬಿಚ್ಚಿಸಿಕೊಳ್ಳಿ. ಮೈಕ್ ಇದೆ ಅಂತ ಮರೆತು ಜನ ಏನೇನೋ ಮಾತಾಡಿರುತ್ತಾರೆ, ಅದು ನಿಮ್ಮ ಕಾರ್ಡಿನಲ್ಲಿ ಇರುವುದೇ ಬೇಡ.

ಈಗ ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ ಮಾತು. ಟೇಕ್ ನಡೆಯುವಾಗ ಕ್ಷಣಗಳನ್ನು ಹಿಡಿಯಬೇಕು ಅಂದಿದ್ದೀರಿ. ಯಾಕೆ? ಟೇಕನ್ನು ಹಿಡಿಯಲು ನಿಮ್ಮದಕ್ಕಿಂತ ಒಳ್ಳೆಯ ಕ್ಯಾಮೆರಾ ಅಲ್ಲಿ ಆಗಲೇ ಓಡುತ್ತಿದೆ. ನೀವು ಹಿಡಿಯುವುದು ಅದೇ ದೃಶ್ಯವನ್ನು, ಪಕ್ಕದಿಂದ, ಕೆಟ್ಟ ಬೆಳಕಿನಲ್ಲಿ, ಜನರ ಬೆನ್ನಿನ ಮಧ್ಯೆ. ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದ ಮೇಲೆ ಎಡಿಟಿಂಗಿಗೆ ಕೂತರೆ, ಟೇಕಿನ ಹೊತ್ತಿನಲ್ಲಿ ನಾನು ತೆಗೆದ ಗಂಟೆಗಟ್ಟಲೆ ಫುಟೇಜಿನಲ್ಲಿ ಕೆಲಸಕ್ಕೆ ಬಂದಿದ್ದು ಮಾನಿಟರ್ ನೋಡುವ ನಿರ್ದೇಶಕರ ಮುಖ ಮಾತ್ರ. ನಾಲ್ಕೂವರೆ ನಿಮಿಷದ ಮೇಕಿಂಗಿನ ಜೀವ ಇದ್ದಿದ್ದು ರಿಹರ್ಸಲ್‌ನಲ್ಲಿ ಮತ್ತು ಲೈಟಿಂಗ್ ಬದಲಾಯಿಸುವ ಹೊತ್ತಿನಲ್ಲಿ.

ಆದ್ದರಿಂದ ಪ್ಲಾನನ್ನು ಸ್ಕ್ರಿಪ್ಟ್ ನೋಡಿ ಬರೆಯಬೇಡಿ. ಹಿಂದಿನ ರಾತ್ರಿ ಕೋ-ಡೈರೆಕ್ಟರ್ ಹತ್ತಿರ ಮರುದಿನದ ಕಾಲ್ ಶೀಟ್, ಶಾಟ್ ಡಿವಿಷನ್ ಕೇಳಿ ತಗೊಂಡು, ಒಂದು ದಿನಕ್ಕೆ ಒಂದು ಹಾಳೆ ಬರೆಯಿರಿ. ನನ್ನ ಮುಂದಿನ ಸಿನಿಮಾದ ಒಂದು ಹಾಳೆ ಹೇಗಿತ್ತು ಅಂದರೆ: ಅಡುಗೆಮನೆಯಲ್ಲಿ ಅತ್ತೆ ಸೊಸೆ ಜಗಳ, ಒಟ್ಟು ಏಳು ಶಾಟ್. ಮೊದಲ ನಾಲ್ಕು ಶಾಟಿಗೆ ಕ್ಯಾಮೆರಾ ಒಲೆ ಕಡೆ ನೋಡುತ್ತದೆ, ಉಳಿದ ಮೂರಕ್ಕೆ ಬಾಗಿಲ ಕಡೆ. ಅಂದರೆ ನಾಲ್ಕನೆಯದರ ನಂತರ ಲೈಟೆಲ್ಲ ತಿರುಗಬೇಕು, ನಮ್ಮ ಯೂನಿಟ್ಟಿಗೆ ಅದು 40 ನಿಮಿಷದ ಕೆಲಸ. ಆ 40 ನಿಮಿಷ ನನ್ನದು. ಆಗ ಕಲಾವಿದರು ಕ್ಯಾರವಾನ್‌ನಲ್ಲಿ ಇರುತ್ತಾರೆ, ಸೆಟ್ಟಿನಲ್ಲಿ ಲೈಟ್ ಹುಡುಗರು, ಆರ್ಟಿನವರು, ಕ್ಯಾಮೆರಾ ಅಸಿಸ್ಟೆಂಟ್‌ಗಳದ್ದೇ ರಾಜ್ಯ. ಕೂಗಾಟ, ತಮಾಷೆ, ಸಿಟ್ಟು ಎಲ್ಲಾ ಅಲ್ಲೇ. ಕೇಬಲ್ ಎಳೆಯುವ ದಾರಿ ಬಿಟ್ಟು ಗೋಡೆಗೆ ಒರಗಿ 85 ಎಂಎಂ ಲೆನ್ಸ್ ಹಾಕಿ ನಿಂತರೆ ಸಾಕು. ಕಲಾವಿದರದ್ದು ಬೇಕಾದರೆ ಮೊದಲ ಶಾಟಿಗೆ ಮುಂಚಿನ ರಿಹರ್ಸಲ್. ಅವರು ಮೇಕಪ್ ಮುಗಿಸಿ, ಕೈಯಲ್ಲಿ ಡೈಲಾಗ್ ಹಾಳೆ ಹಿಡಿದು, "ಇಲ್ಲಿ ನಾನು ಪಾತ್ರೆ ಕುಕ್ಕಲಾ, ಸುಮ್ನೆ ಇಡಲಾ?" ಅಂತ ನಿರ್ದೇಶಕರನ್ನು ಕೇಳುವ ಹತ್ತು ನಿಮಿಷ. ಆಗ ನೀವು ಹತ್ತಿರವೇ ಇರಬಹುದು, ಯಾಕೆಂದರೆ ಏನೂ ರೋಲ್ ಆಗುತ್ತಿಲ್ಲ. ಕೋ-ಡೈರೆಕ್ಟರ್ "ಸೈಲೆನ್ಸ್" ಅಂದ ತಕ್ಷಣ ಕ್ಯಾಮೆರಾ ಕೆಳಗಿಳಿಸಿ, ಬಾಗಿಲ ಆಚೆ ಬನ್ನಿ. ಹಾಳೆಯಲ್ಲೂ ಹಾಗೇ ಬರೆದಿದ್ದೆ: "ಶಾಟ್ 1 ರಿಂದ 4: ನಾನು ಹೊರಗೆ."

ಇದರಲ್ಲಿ ಒಂದು ಕೊರತೆ ಇದೆ. ಸ್ಟಂಟ್, ಮಳೆ, ಜನಜಂಗುಳಿ ಇರುವ ಶಾಟುಗಳಲ್ಲಿ ಟೇಕೇ ಕಥೆ, ಆಗ ಹೊರಗೆ ನಿಂತರೆ ಏನೂ ಸಿಗುವುದಿಲ್ಲ. ಅಂಥ ಶಾಟಿಗೆ ನಾನು ಕೋ-ಡೈರೆಕ್ಟರ್ ಹತ್ತಿರ ಮೊದಲೇ ಕೇಳಿ ಒಂದು ಜಾಗ ಗುರುತು ಹಾಕಿಸಿಕೊಳ್ಳುತ್ತೇನೆ, ಟ್ರೈಪಾಡ್ ಇಟ್ಟು ಆನ್ ಮಾಡಿ, ಟೇಕ್ ಮುಗಿಯುವವರೆಗೆ ಮುಟ್ಟುವುದಿಲ್ಲ. ಸಂದರ್ಶನಗಳನ್ನು ಸೆಟ್ಟಿನಲ್ಲಿ ಮಾಡಲೇಬೇಡಿ. ಅಳುವ ಸೀನಿಗೆ ಮುಂಚೆ ನಟಿಯನ್ನು "ಈ ಸೀನಿಗೆ ಹೇಗೆ ತಯಾರಾದ್ರಿ ಮೇಡಂ" ಅಂತ ಕೇಳುವವನನ್ನು ಲೊಕೇಶನ್ನಿಂದ ಓಡಿಸಬೇಕು. ಡಬ್ಬಿಂಗ್ ದಿನವೋ, ಹಾಡು ಬಿಡುಗಡೆಯ ದಿನವೋ ಕೂರಿಸಿಕೊಂಡು ಕೇಳಿ. ಆಗ ಅವರೂ ನಿಧಾನವಾಗಿ ಮಾತಾಡುತ್ತಾರೆ.

ಕ್ಯಾಮೆರಾ ಒಂದೇ ಸಾಕು. ಎರಡನೆಯದರ ಬಾಡಿಗೆ ದುಡ್ಡಿನಲ್ಲಿ ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ, ಪ್ರತಿ ರಾತ್ರಿ ಎರಡಕ್ಕೂ ಕಾಪಿ ಮಾಡಿ, ಆಮೇಲೇ ಕಾರ್ಡ್ ಫಾರ್ಮ್ಯಾಟ್ ಮಾಡಿ.

ಅಂದಹಾಗೆ, ಆ ಸಂಜೆಯ ಆಡಿಯೋ ನನ್ನ ಹತ್ತಿರ ಈಗಲೂ ಇದೆ. ನನ್ನ ಮೈಕಿಗೆ ಮಾತ್ರ ಏನೂ ಆಗಿರಲಿಲ್ಲ ನೋಡಿ. ಕ್ಯಾಮೆರಾಮನ್ ಉಸಿರು ಎಷ್ಟು ಚೆನ್ನಾಗಿ ಬಂದಿದೆ ಅಂದರೆ, ನಡುನಡುವೆ ಅವರು "ಫೋಕಸ್... ಫೋಕಸ್ ಎಲ್ಲಪ್ಪಾ" ಅಂತ ಪಿಸುಗುಟ್ಟಿದ್ದು ಪೂರ್ತಿ ಕೇಳಿಸುತ್ತದೆ. ಮೇಕಿಂಗಿನಲ್ಲಿ ಹಾಕುವ ಧೈರ್ಯ ಆಗಲಿಲ್ಲ.