ಹಾಲ್‌ಮಾರ್ಕ್ ಇರುವ ನೆಕ್ಲೇಸ್‌ಗೆ ಬಿಲ್‌ನಲ್ಲಿ ಏನೇನು ಇರಬೇಕು?

ಪ್ರಶ್ನೆ: ಹರಳಿನ ನೆಕ್ಲೇಸ್ ತಗೊಂಡೆ. ಹಾಲ್‌ಮಾರ್ಕ್ ಇದೆ. ಆದ್ರೆ ಬಿಲ್‌ನಲ್ಲಿ ಬರೀ "ಗೋಲ್ಡ್ ನೆಕ್ಲೇಸ್, 24.600 ಗ್ರಾಂ" ಅಂತ ಬರೆದಿದ್ದಾರೆ. ಹಾಲ್‌ಮಾರ್ಕ್ ಇದ್ರೆ ಸಾಕಲ್ವಾ, ಬಿಲ್‌ನಲ್ಲಿ ಇನ್ನೇನಾದ್ರೂ ಇರಬೇಕಾ?

ಉತ್ತರ: ಸಾಕಾಗುವುದಿಲ್ಲ. ನಾನು ಕೆಲವು ವರ್ಷ ಒಡವೆ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸ ಮಾಡಿದ್ದೇನೆ. ನಿಮ್ಮ ಬಿಲ್‌ನಲ್ಲಿ ಮುಖ್ಯವಾದ ವಿಷಯಗಳೇ ಬಿಟ್ಟುಹೋಗಿವೆ.

ಮೊದಲು ಒಡವೆಯನ್ನೇ ನೋಡಿ. ಕೊಂಡಿಯ ಹತ್ತಿರ ಲೇಸರ್‌ನಲ್ಲಿ ಕೆತ್ತಿದ ಮೂರು ಗುರುತು ಇರಬೇಕು: ಭಾರತೀಯ ಮಾನಕ ಸಂಸ್ಥೆಯಾದ ಬಿಐಎಸ್‌ನ ತ್ರಿಕೋನ ಚಿಹ್ನೆ, 22K916 ಎಂಬಂಥ ಶುದ್ಧತೆಯ ಗುರುತು, ಮತ್ತು ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಯಾಗಿ ಕೊಡುವ, ಅಂಕಿ-ಅಕ್ಷರ ಸೇರಿದ ಆರು ಸ್ಥಾನದ ನಂಬರು. ಬರಿಗಣ್ಣಿಗೆ ಕಾಣುವುದು ಕಷ್ಟ. ಅಂಗಡಿಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇರಲೇಬೇಕು, ಕೇಳಿ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾದ ಕಡೆ ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. 2 ಗ್ರಾಂಗಿಂತ ಕಡಿಮೆ ತೂಕದವು, ಕುಂದನ್, ಪೋಲ್ಕಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ಮೊಬೈಲ್‌ನಲ್ಲಿ BIS Care ಆ್ಯಪ್ ಹಾಕಿಕೊಂಡು Verify HUID ಒತ್ತಿ, ಆ ಆರು ಸ್ಥಾನವನ್ನು ಟೈಪ್ ಮಾಡಿ. ಮಾರಿದವರ ನೋಂದಣಿ, ಪರೀಕ್ಷೆ ಮಾಡಿದ ಕೇಂದ್ರ, ಶುದ್ಧತೆ, ಅದು ಯಾವ ಬಗೆಯ ಒಡವೆ ಎಂಬುದೆಲ್ಲ ಬರುತ್ತದೆ. ನಿಮ್ಮ ಕೈಯಲ್ಲಿ ನೆಕ್ಲೇಸ್ ಇದ್ದು ಅಲ್ಲಿ ಉಂಗುರ ಅಂತ ಬಂದರೆ, ಅಥವಾ ಒಡವೆ ಮೇಲೆ 916 ಇದ್ದು ಅಲ್ಲಿ 750 ಅಂತ ತೋರಿಸಿದರೆ, ಆ ನಂಬರು ಈ ಒಡವೆಯದ್ದಲ್ಲ.

ಇಷ್ಟೆಲ್ಲ ಸರಿಯಿದ್ದರೂ ಹಾಲ್‌ಮಾರ್ಕ್ ಖಾತ್ರಿ ಕೊಡುವುದು ಒಂದೇ ಒಂದಕ್ಕೆ: ಇದರಲ್ಲಿರುವ ಚಿನ್ನ ಸಾವಿರಕ್ಕೆ 916 ಪಾಲು ಅಪ್ಪಟ. ಚಿನ್ನ ಎಷ್ಟು ಗ್ರಾಂ ಇದೆ, ಹರಳು ಎಂಥದ್ದು, ಮಜೂರಿ ನ್ಯಾಯವಾಗಿದೆಯಾ ಎಂಬುದಕ್ಕೂ ಆ ಗುರುತಿಗೂ ಸಂಬಂಧವಿಲ್ಲ. ಅದನ್ನು ಹೇಳಬೇಕಾದ್ದು ಬಿಲ್.

ಹಾಲ್‌ಮಾರ್ಕ್ ಒಡವೆಯ ಬಿಲ್‌ನಲ್ಲಿ ಒಡವೆಯ ವಿವರ, ಚಿನ್ನದ ನಿವ್ವಳ ತೂಕ, ಕ್ಯಾರೆಟ್ ಮತ್ತು 916ರಂಥ ಅಂಕಿ ಎರಡರಲ್ಲೂ ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ, ಇಷ್ಟನ್ನೂ ಬೇರೆ ಬೇರೆಯಾಗಿ ಬರೆಯಬೇಕು. ನಾಲ್ಕೈದು ಒಡವೆ ತಗೊಂಡರೆ ಒಂದೊಂದಕ್ಕೂ ಪ್ರತ್ಯೇಕ ಸಾಲು. ಶುಲ್ಕ ಒಂದು ಒಡವೆಗೆ 45 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಡವೆ ಎಷ್ಟೇ ಭಾರವಿರಲಿ ಅಷ್ಟೇ, ಗ್ರಾಂ ಲೆಕ್ಕದಲ್ಲಿ ಕೇಳಿದರೆ ಒಪ್ಪಬೇಡಿ.

ಇದರಲ್ಲಿ ಜಾಸ್ತಿ ದುಡ್ಡು ಸೋರುವುದು ನಿವ್ವಳ ತೂಕದಲ್ಲಿ. ನಿಮ್ಮ 24.600 ಗ್ರಾಂ ಬಹುಶಃ ಹರಳೂ ಸೇರಿದ ಒಟ್ಟು ತೂಕ. ಹರಳು 3.200 ಗ್ರಾಂ ಅಂತಿಟ್ಟುಕೊಳ್ಳಿ. ಆಗ ಚಿನ್ನ 21.400 ಗ್ರಾಂ ಮಾತ್ರ. ಲೆಕ್ಕಕ್ಕೆ ಸುಲಭವಾಗಲಿ ಅಂತ 22 ಕ್ಯಾರೆಟ್ ರೇಟು ಗ್ರಾಂಗೆ 10,000 ರೂಪಾಯಿ ಹಿಡಿಯೋಣ. ಒಟ್ಟು ತೂಕಕ್ಕೆ ರೇಟು ಹಾಕಿದ್ದರೆ ಹರಳಿಗೆ ಚಿನ್ನದ ಬೆಲೆಯಲ್ಲಿ 32,000 ಕೊಟ್ಟಿದ್ದೀರಿ. ವೇಸ್ಟೇಜನ್ನು ಶೇಕಡಾ ಲೆಕ್ಕದಲ್ಲಿ ಹಾಕಿದ್ದರೆ ಅದೂ ಆ 32,000ದ ಮೇಲೆ ಬಿದ್ದಿರುತ್ತದೆ. ಮುಂದೆ ಮಾರಲು ಹೋದಾಗ ಮಾತ್ರ ಹರಳು ತೆಗೆದೇ ತೂಗುತ್ತಾರೆ. ಅರಗು ತುಂಬಿದ ಒಡವೆಯಲ್ಲೂ, ಕರಿಮಣಿ ಸರದಲ್ಲೂ ಇದೇ ಕಥೆ.

ಇನ್ನೊಂದು ಕಾರಣವೂ ಇದೆ. ಶುದ್ಧತೆ ಬಗ್ಗೆ ಅನುಮಾನ ಬಂದರೆ ಬಿಐಎಸ್ ಮಾನ್ಯತೆ ಪಡೆದ ಯಾವುದೇ ಪರೀಕ್ಷಾ ಕೇಂದ್ರಕ್ಕೆ ನೀವೇ ಒಡವೆ ಒಯ್ಯಬಹುದು. ನಾಲ್ಕು ಒಡವೆವರೆಗೆ 200 ರೂಪಾಯಿ ಶುಲ್ಕ. ಗುರುತಿಗಿಂತ ಶುದ್ಧತೆ ಕಡಿಮೆ ಬಂದರೆ, ಮಾರಿದ ತೂಕಕ್ಕೆ ಎಷ್ಟು ಕೊರತೆಯೋ ಅದರ ಬೆಲೆಯ ಎರಡು ಪಟ್ಟು ಪರಿಹಾರ, ಜೊತೆಗೆ ಪರೀಕ್ಷೆಯ ಖರ್ಚು ಕೊಡಬೇಕೆಂದು 2018ರ ಬಿಐಎಸ್ ನಿಯಮ ಹೇಳುತ್ತದೆ. ನಿಮ್ಮ ನೆಕ್ಲೇಸ್ 916ರ ಬದಲು 833 ಬಂತು ಅನ್ನೋಣ. ಸಾವಿರಕ್ಕೆ 83 ಪಾಲು ಕೊರತೆ. 21.400 ಗ್ರಾಂಗೆ ಅದು ಸುಮಾರು 1.78 ಗ್ರಾಂ ಅಪ್ಪಟ ಚಿನ್ನ. ಅದರ ಎರಡು ಪಟ್ಟು ಬೆಲೆ ನಿಮಗೆ ಬರಬೇಕು. ಈ ಲೆಕ್ಕಕ್ಕೆ ಬೇಕಾದ ನಿವ್ವಳ ತೂಕ, ಶುದ್ಧತೆ ಎರಡೂ ನಿಮ್ಮ ಬಿಲ್‌ನಲ್ಲಿಲ್ಲ. ಎಸ್ಟಿಮೇಟ್ ಚೀಟಿಯನ್ನಷ್ಟೇ ಇಟ್ಟುಕೊಂಡವರಿಗೆ, ಆ ಅಂಗಡಿಯಲ್ಲೇ ತಗೊಂಡದ್ದು ಅಂತ ತೋರಿಸುವುದೇ ದೊಡ್ಡ ಪಾಡಾಗುತ್ತದೆ.

ಹಾಗಾಗಿ ಬಿಲ್ ಮತ್ತು ನೆಕ್ಲೇಸ್ ಎರಡನ್ನೂ ತಗೊಂಡು ಹೋಗಿ. ಒಟ್ಟು ತೂಕ, ಹರಳಿನ ತೂಕ, ನಿವ್ವಳ ತೂಕ ಮೂರನ್ನೂ ಬಿಡಿಸಿ, "22 ಕ್ಯಾರೆಟ್ 916" ಅಂತ ಸೇರಿಸಿ, ಹರಳಿನ ಬೆಲೆ ಬೇರೆ ಸಾಲಿನಲ್ಲಿ ಹಾಕಿ ಸರಿಯಾದ ಬಿಲ್ ಕೊಡಿ ಅಂತ ಕೇಳಿ. ಎಚ್‌ಯುಐಡಿಯನ್ನೂ ಬರೆಸಿಕೊಳ್ಳಿ, ಬಿಲ್ ಈ ಒಡವೆಯದ್ದೇ ಅಂತ ಆಮೇಲೆ ತೋರಿಸಲು ಅದರಷ್ಟು ಸಲೀಸು ಬೇರೆ ಇಲ್ಲ. ಕೊಡೋಕಾಗಲ್ಲ ಅಂದರೆ BIS Care ಆ್ಯಪ್‌ನಲ್ಲೇ ದೂರು ಹಾಕಬಹುದು.